ಎಂಟೇ ಜಾಗ: ಪ್ರೊಸೆಸರ್ ತನ್ನ ಪಕ್ಕದಲ್ಲಿಟ್ಟುಕೊಳ್ಳುವ ಪುಟ್ಟ ಮೆಮೊರಿ

(ಮೈಸೂರಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರಿಗಾಗಿ ನಡೆದ ಉಪನ್ಯಾಸದ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ 3 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ ಎಂದು ಇಟ್ಟುಕೊಳ್ಳಿ. ಅಂದರೆ ಒಂದು ಸೆಕೆಂಡಿಗೆ 300 ಕೋಟಿ ಸೈಕಲ್. ಒಂದು ಸೈಕಲ್‌ಗೆ ಸಿಗುವ ಸಮಯ ಒಂದು ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗ. ಎರಡು ಸಂಖ್ಯೆ ಕೂಡುವುದಕ್ಕೆ ಅದಕ್ಕೆ ಒಂದೇ ಸೈಕಲ್ ಸಾಕು. ಆದರೆ ಆ ಎರಡು ಸಂಖ್ಯೆಗಳು ಮುಖ್ಯ ಮೆಮೊರಿಯಲ್ಲಿ, ಅಂದರೆ ನಾವು ಅಂಗಡಿಯಲ್ಲಿ 8 ಜಿಬಿ, 16 ಜಿಬಿ ಎಂದು ಕೇಳಿ ಕೊಳ್ಳುವ ರ‍್ಯಾಮ್‌ನಲ್ಲಿ ಇದ್ದರೆ, ಅಲ್ಲಿಂದ ತರಲು ಸುಮಾರು 80 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಯಂತ್ರದಿಂದ ಯಂತ್ರಕ್ಕೆ ಇದು 60ರಿಂದ 100ರವರೆಗೆ ಹೆಚ್ಚು ಕಡಿಮೆ ಆಗುತ್ತದೆ. 80 ಎಂದೇ ಹಿಡಿದರೆ 240 ಸೈಕಲ್ ಆಯಿತು. ಒಂದು ಸೈಕಲ್‌ನ ಕೆಲಸಕ್ಕೆ 240 ಸೈಕಲ್ ಕಾಯುವುದು. ಪ್ರತಿ ಸಂಖ್ಯೆಗೂ ಹೀಗೆ ಕಾಯುತ್ತಾ ಕೂತರೆ 3 ಗಿಗಾಹರ್ಟ್ಸ್ ಇದ್ದೂ ಪ್ರಯೋಜನವಿಲ್ಲ.

ಈ 80 ನ್ಯಾನೊಸೆಕೆಂಡ್ ಎಲ್ಲಿ ಹೋಗುತ್ತದೆ ಎಂದು ನೋಡಬೇಕು, ಯಾಕೆಂದರೆ ಕ್ಯಾಶ್, ಅಂದರೆ ಪ್ರೊಸೆಸರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುವ ಪುಟ್ಟ, ವೇಗದ ಮೆಮೊರಿ, ಯಾಕೆ ಹುಟ್ಟಿತು ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ. ದೂರವೂ ಒಂದು ಕಾರಣ. ಬೆಳಕೇ ಒಂದು ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಹೋಗುವುದು 10 ಸೆಂಟಿಮೀಟರ್. ಬೋರ್ಡಿನ ಮೇಲಿನ ತಾಮ್ರದ ಗೆರೆಯಲ್ಲಿ ಸಂಕೇತ ಅದರ ಅರ್ಧದಷ್ಟು ವೇಗದಲ್ಲಿ ಹೋಗುತ್ತದೆ. ರ‍್ಯಾಮ್ ಕಡ್ಡಿ ಪ್ರೊಸೆಸರ್‌ನಿಂದ ಕೆಲವು ಸೆಂಟಿಮೀಟರ್ ಆಚೆ ಇರುವುದರಿಂದ ಹೋಗಿ ಬರುವುದಕ್ಕೇ ಒಂದೆರಡು ಸೈಕಲ್ ಬೇಕು. ಆದರೂ ದೂರ ಇಲ್ಲಿ ಸಣ್ಣ ಪಾಲು. ದೊಡ್ಡ ಪಾಲು ರ‍್ಯಾಮ್ ಕೆಲಸ ಮಾಡುವ ರೀತಿಯದು.

ರ‍್ಯಾಮ್‌ನಲ್ಲಿರುವುದು ಡೈನಮಿಕ್ ಮೆಮೊರಿ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್, ಅಷ್ಟೆ. ಕೆಪಾಸಿಟರ್‌ನಲ್ಲಿ ಚಾರ್ಜ್ ಇದ್ದರೆ 1, ಇಲ್ಲದಿದ್ದರೆ 0. ಆ ಚಾರ್ಜ್ ಸೋರುತ್ತಲೇ ಇರುತ್ತದೆ. ಹಾಗಾಗಿ ಡಿಡಿಆರ್4 ಮೆಮೊರಿಯಲ್ಲಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ಓದುವುದೂ ಸುಲಭವಲ್ಲ. ಬೇಕಾದ ಬಿಟ್ ಇರುವ ಇಡೀ ಸಾಲನ್ನು ಮೊದಲು ತೆರೆಯಬೇಕು. ತೆರೆದಾಗ ಕೆಪಾಸಿಟರ್‌ಗಳ ಅಲ್ಪ ಚಾರ್ಜ್ ಉದ್ದನೆಯ ತಂತಿಗೆ ಹರಿದು ಹೋಗುತ್ತದೆ, ಅದನ್ನು ಗುರುತಿಸಿ ದೊಡ್ಡದು ಮಾಡಬೇಕು, ಓದಿದ್ದರಿಂದ ಬರಿದಾದದ್ದನ್ನು ಮತ್ತೆ ತುಂಬಬೇಕು. ಸಾಲು ತೆರೆಯಲು 13-14 ನ್ಯಾನೊಸೆಕೆಂಡ್, ಅದರೊಳಗಿನ ಕಾಲಂ ಆರಿಸಿ ಹೊರಗೆ ತರಲು ಇನ್ನೊಂದು 13-14. ಉಳಿದದ್ದು ಪ್ರೊಸೆಸರ್‌ನೊಳಗೆ ಕ್ಯಾಶ್‌ನ ಎಲ್ಲ ಹಂತಗಳಲ್ಲೂ ಹುಡುಕಿ ಸಿಗದೆ ಹೊರಗೆ ಬರುವುದರಲ್ಲಿ, ಮೆಮೊರಿ ಕಂಟ್ರೋಲರ್‌ನ ಸರದಿಯಲ್ಲಿ ನಿಲ್ಲುವುದರಲ್ಲಿ ಹೋಗುತ್ತದೆ.

ಇನ್ನೊಂದು ಬಗೆಯದು ಸ್ಟ್ಯಾಟಿಕ್ ಮೆಮೊರಿ. ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ಕೆಪಾಸಿಟರ್ ಇಲ್ಲ, ಸೋರಿಕೆಯಿಂದ ಬಿಟ್ ಅಳಿಯುವುದಿಲ್ಲ, ಮತ್ತೆ ತುಂಬುವ ಗೋಜಿಲ್ಲ, ಓದಿದರೆ ಬರಿದಾಗುವುದಿಲ್ಲ. ಹಾಗಾದರೆ ಇಡೀ 8 ಜಿಬಿಯನ್ನೂ ಇದರಲ್ಲೇ ಮಾಡಬಾರದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಟ್‌ಗಳನ್ನು ಹಿಡಿದಿಡಲಿಕ್ಕೇ 41 ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್ ಬೇಕಾಗುತ್ತದೆ, ಬೆಲೆ ಕೈಗೆಟುಕುವುದಿಲ್ಲ. ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಬೆಲೆಯ ಮಾತಲ್ಲ. ದುಡ್ಡು ಸುರಿದು ಅಷ್ಟೂ ಮಾಡಿದರೂ ಅದು ವೇಗವಾಗಿ ಇರುವುದಿಲ್ಲ. ಮೆಮೊರಿ ದೊಡ್ಡದಾದಷ್ಟೂ ವಿಳಾಸ ಬಿಡಿಸುವ ಸರ್ಕ್ಯೂಟ್ ಆಳವಾಗುತ್ತದೆ, ತಂತಿಗಳು ಉದ್ದವಾಗುತ್ತವೆ, ಉದ್ದ ತಂತಿಯನ್ನು 0ಯಿಂದ 1ಕ್ಕೆ ಎತ್ತಲು ಹೆಚ್ಚು ಹೊತ್ತು ಬೇಕು. ಇದೇ ಕಾರಣಕ್ಕೆ ಪ್ರೊಸೆಸರ್ ಒಳಗಿನ ಕ್ಯಾಶ್ ಪೂರ್ತಿ ಸ್ಟ್ಯಾಟಿಕ್ ಮೆಮೊರಿಯೇ ಆದರೂ ಹಂತ ಹಂತವಾಗಿದೆ. 32 ಅಥವಾ 48 ಕಿಲೋಬೈಟ್‌ನ ಎಲ್1 ನಾಲ್ಕೈದು ಸೈಕಲ್‌ನಲ್ಲಿ ಉತ್ತರ ಕೊಡುತ್ತದೆ. 256 ಕಿಲೋಬೈಟ್‌ನಿಂದ ಒಂದೆರಡು ಮೆಗಾಬೈಟ್‌ವರೆಗಿನ ಎಲ್2ಗೆ ಹದಿನಾಲ್ಕು ಹದಿನೈದು ಸೈಕಲ್ ಬೇಕು. ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ, ಹಲವು ಮೆಗಾಬೈಟ್‌ನ ಎಲ್3ಗೆ ನಲವತ್ತು ಅಥವಾ ಅದಕ್ಕೂ ಹೆಚ್ಚು. ಮೂರೂ ಒಂದೇ ಜಾತಿಯ ಮೆಮೊರಿ. ಚಿಕ್ಕದಾಗಿರುವುದರಿಂದಲೇ ಎಲ್1ಗೆ ಆ ವೇಗ ಬಂದಿದೆ.

ಈ ಉಪಾಯ ಹಳೆಯದು. ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ ಇದನ್ನು ಬರೆದಿಟ್ಟರು. ಮಾರಾಟಕ್ಕೆ ಬಂದ ಯಂತ್ರದಲ್ಲಿ ಇದನ್ನು ಮೊದಲು ಅಳವಡಿಸಿದ್ದು 1968ರಲ್ಲಿ ಘೋಷಣೆಯಾದ ಐಬಿಎಂ ಸಿಸ್ಟಮ್/360 ಮಾಡೆಲ್ 85. ಅದರ ಕ್ಯಾಶ್ 16 ಕಿಲೋಬೈಟ್‌ನಿಂದ ಶುರುವಾಗುತ್ತಿತ್ತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರ್‌ಗಳ ವಂಶದಲ್ಲಿ 1989ರ ಇಂಟೆಲ್ 486, ಚಿಪ್ಪಿನ ಒಳಗೇ 8 ಕಿಲೋಬೈಟ್ ಇಟ್ಟುಕೊಂಡು ಬಂತು. ಇಷ್ಟು ವರ್ಷಗಳಲ್ಲಿ ರ‍್ಯಾಮ್ ಸಾವಿರಾರು ಪಟ್ಟು ಬೆಳೆದರೂ ಎಲ್1 ಮಾತ್ರ ಹತ್ತಾರು ಕಿಲೋಬೈಟ್‌ನಲ್ಲೇ ನಿಂತಿದೆ. ಅದು ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಈಗ ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಅದರ ಹಿಂದೆಯೇ ಹೋಗೋಣ.

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಉದ್ದಕ್ಕೂ 256 ಕಡೆ ನೀರಿನ ಮಟ್ಟ ಅಳೆಯುವ ಸಾಧನ ಕೂರಿಸಿದ್ದಾರೆ ಎಂದು ಕಲ್ಪಿಸಿಕೊಳ್ಳಿ. ಪ್ರತಿ 15 ನಿಮಿಷಕ್ಕೆ ಒಂದು ಅಳತೆ. ಒಂದು ಸಾಧನಕ್ಕೆ 1024 ಅಳತೆ ಇಟ್ಟುಕೊಂಡರೆ 10 ದಿನ 16 ಗಂಟೆಯ ದಾಖಲೆ ಆಗುತ್ತದೆ. ಸಿ ಭಾಷೆಯಲ್ಲಿ ಇದು 256 ಸಾಲು, 1024 ಕಾಲಂ ಇರುವ ಒಂದು ಅರೇ. ಒಂದು ಅಳತೆಗೆ 4 ಬೈಟ್. ಒಂದು ಸಾಲು 4096 ಬೈಟ್. ಇಡೀ ಕೋಷ್ಟಕ ಸರಿಯಾಗಿ 1 ಮೆಗಾಬೈಟ್. ಒಳಗಿರುವ ಅಳತೆಗಳು 2,62,144.

ಸಿ ಭಾಷೆ ಅರೇಯನ್ನು ಸಾಲು ಸಾಲಾಗಿ ಮೆಮೊರಿಯಲ್ಲಿ ಇಡುತ್ತದೆ. ಮೊದಲನೇ ಸಾಧನದ 1024 ಅಳತೆಗಳು ಒಂದರ ಪಕ್ಕ ಒಂದು, ಅದು ಮುಗಿದ ಮೇಲೆ ಎರಡನೆಯದರ 1024, ಹೀಗೆ. ಇದನ್ನು ಎರಡು ರೀತಿ ಕೂಡಬಹುದು. ಒಂದೊಂದು ಸಾಧನದ್ದನ್ನೂ ಮೊದಲಿಂದ ಕೊನೆಯವರೆಗೆ ಕೂಡುತ್ತಾ ಹೋಗುವುದು ಒಂದು. ಒಂದೊಂದು ಹೊತ್ತಿಗೂ ಎಲ್ಲ 256 ಕಡೆಯ ಮಟ್ಟ ಕೂಡುವುದು ಇನ್ನೊಂದು. ಎರಡನೆಯದು ಹೀಗಿರುತ್ತದೆ:

```c
static _Alignas(64) int matta[256][1024];

long ottu = 0;
for (int t = 0; t < 1024; t++)
    for (int k = 0; k < 256; k++)
        ottu += matta[k][t];
```

ಇಲ್ಲಿ `k` ಸಾಧನದ ಸಂಖ್ಯೆ, `t` ಹೊತ್ತು. ಮೊದಲ ರೀತಿ ಬೇಕಾದರೆ ಎರಡು `for` ಸಾಲುಗಳನ್ನು ಅದಲುಬದಲು ಮಾಡಿದರೆ ಸಾಕು. ಕೂಡುವ ಸಂಖ್ಯೆಗಳೂ ಅವೇ, ಬರುವ ಒಟ್ಟು ಮೊತ್ತವೂ ಅದೇ. ಓಡುವ ಸಮಯ ಮಾತ್ರ ಬೇರೆ.

ಮೊದಲು ಸುಲಭದ್ದನ್ನು ನೋಡೋಣ, ಸಾಲಿನ ಉದ್ದಕ್ಕೂ ಹೋಗುವುದು. ಪ್ರೊಸೆಸರ್ 4 ಬೈಟ್ ಕೇಳಿದರೂ ಕ್ಯಾಶ್ 4 ಬೈಟ್ ಮಾತ್ರ ತರಿಸಿಕೊಳ್ಳುವುದಿಲ್ಲ. ಅದು ತರುವುದು ಯಾವಾಗಲೂ ಒಂದು ಲೈನ್. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಲೈನ್ ಎಂದರೆ 64 ಬೈಟ್. ನಮ್ಮ ಕೋಷ್ಟಕದಲ್ಲಿ ಅದು ಒಂದೇ ಸಾಧನದ ಅಕ್ಕಪಕ್ಕದ 16 ಅಳತೆ. ಮೊದಲನೆಯದನ್ನು ಕೇಳಿದಾಗ ಕ್ಯಾಶ್‌ನಲ್ಲಿ ಇಲ್ಲ, ಇದಕ್ಕೆ ಮಿಸ್ ಎನ್ನುತ್ತೇವೆ. ಲೈನ್ ಬಂದು ಕೂರುತ್ತದೆ. ಮುಂದಿನ 15 ಅಳತೆ ಅಲ್ಲೇ ಇವೆ, ಹದಿನೈದೂ ಹಿಟ್. 2,62,144ನ್ನು 16ರಿಂದ ಭಾಗಿಸಿ: 16,384 ಮಿಸ್. ಅದರಲ್ಲೂ ಬಹುಪಾಲಿನ ಕಾಯುವಿಕೆ ಕಾಣುವುದೇ ಇಲ್ಲ. ನಾವು ಒಂದರ ಪಕ್ಕ ಒಂದು ಲೈನ್ ಕೇಳುತ್ತಾ ಹೋಗುವುದನ್ನು ಪ್ರೊಸೆಸರ್ ಗಮನಿಸಿ, ಕೇಳುವ ಮೊದಲೇ ಮುಂದಿನದನ್ನು ತರಿಸಿಟ್ಟಿರುತ್ತದೆ.

ಈಗ ಮೇಲಿನ ಕೋಡ್‌ಗೆ ಬನ್ನಿ. `t` ಸೊನ್ನೆ ಇರುವಾಗ 256 ಸಾಲುಗಳಿಂದ ಒಂದೊಂದು ಅಳತೆ ಓದುತ್ತೇವೆ. ಬೇರೆ ಬೇರೆ 256 ಲೈನ್ ಬೇಕು, 256 ಮಿಸ್. ಇರಲಿ. ಆ 256 ಲೈನ್‌ಗಳ ಗಾತ್ರ 16 ಕಿಲೋಬೈಟ್. ನಮ್ಮ ಎಲ್1 ಇರುವುದು 32 ಕಿಲೋಬೈಟ್, ಅಂದರೆ ಅರ್ಧ ಜಾಗ ಸಾಕು. `t` ಒಂದಕ್ಕೆ ಬಂದಾಗ ಬೇಕಾಗುವ 256 ಅಳತೆಗಳೂ ಅವೇ ಲೈನ್‌ಗಳಲ್ಲಿವೆ, ಪಕ್ಕದ 4 ಬೈಟ್‌ನಲ್ಲಿ. ಎಲ್ಲವೂ ಹಿಟ್ ಆಗಬೇಕು. ಹೀಗೆ 16 ಕಾಲಂಗೆ ಒಮ್ಮೆ ಮಾತ್ರ 256 ಮಿಸ್. ಲೆಕ್ಕ ಹಾಕಿದರೆ ಇಲ್ಲೂ 16,384 ಬರಬೇಕು.

ಓಡಿಸಿ ಎಣಿಸಿದರೆ ಬರುವುದು ಅಷ್ಟಲ್ಲ. ಹೆಚ್ಚು ಕಡಿಮೆ ಪೂರ್ತಿ 2,62,144. ಪ್ರತಿ ಓದೂ ಮಿಸ್. ಅರ್ಧ ಕ್ಯಾಶೇ ಸಾಕಾಗಬೇಕಿತ್ತು, ಆದರೂ ಒಂದು ಹಿಟ್ ಇಲ್ಲ. ಇದು ಯಾಕೆ ಎಂಬುದೇ ಇವತ್ತಿನ ಮುಖ್ಯ ವಿಷಯ.

ಕ್ಯಾಶ್‌ನಲ್ಲಿ ಹುಡುಕುವುದು ನಾಲ್ಕೈದು ಸೈಕಲ್‌ನಲ್ಲಿ ಮುಗಿಯಬೇಕು. 32 ಕಿಲೋಬೈಟ್‌ನಲ್ಲಿ 64 ಬೈಟ್‌ನ 512 ಲೈನ್ ಇರುತ್ತವೆ. ಬೇಕಾದದ್ದು ಈ 512ರಲ್ಲಿ ಎಲ್ಲಿ ಬೇಕಾದರೂ ಇರಬಹುದು ಎಂದು ಬಿಟ್ಟರೆ, ಒಂದೊಂದು ಓದಿಗೂ 512 ಕಡೆ ಏಕಕಾಲದಲ್ಲಿ ಹೋಲಿಸಿ ನೋಡಬೇಕಾಗುತ್ತದೆ. ಅಷ್ಟು ಹೋಲಿಕೆಯ ಸರ್ಕ್ಯೂಟ್ ಜಾಗವನ್ನೂ ಕರೆಂಟನ್ನೂ ನುಂಗುತ್ತದೆ, ನಿಧಾನವೂ ಆಗುತ್ತದೆ. ಹಾಗಾಗಿ ಕ್ಯಾಶನ್ನು 64 ಸೆಟ್‌ಗಳಾಗಿ ಹಂಚಿದ್ದಾರೆ, ಪ್ರತಿ ಸೆಟ್‌ನಲ್ಲಿ 8 ಜಾಗ. ಯಾವ ಲೈನ್ ಯಾವ ಸೆಟ್‌ಗೆ ಹೋಗಬೇಕು ಎಂಬುದನ್ನು ಅದರ ವಿಳಾಸವೇ ಹೇಳುತ್ತದೆ. ಹುಡುಕುವಾಗ ಒಂದು ಸೆಟ್‌ನ 8 ಜಾಗ ಮಾತ್ರ ನೋಡಿದರೆ ಆಯಿತು.

ಚಾಮುಂಡಿ ಬೆಟ್ಟದ ಮೇಲಿನ ಚಪ್ಪಲಿ ಸ್ಟ್ಯಾಂಡನ್ನು ಹೀಗೆ ನಡೆಸಿದರೆ ಎಂದು ಯೋಚಿಸಿ. 64 ಕಪಾಟು, ಒಂದೊಂದರಲ್ಲಿ 8 ಜೊತೆಗೆ ಜಾಗ. ಯಾವ ಕಪಾಟು ಎಂಬುದನ್ನು ನಿಮ್ಮ ಟೋಕನ್ ಸಂಖ್ಯೆಯ ಕೊನೆಯ ಅಂಕಿಗಳು ನಿರ್ಧರಿಸುತ್ತವೆ. ವಾಪಸ್ ಕೊಡುವವನು 512 ಜೊತೆ ಹುಡುಕಬೇಕಿಲ್ಲ, ಎಂಟರಲ್ಲಿ ಹುಡುಕಿದರೆ ಸಾಕು. ಆದರೆ ಒಂದೇ ಕೊನೆಯ ಅಂಕಿಯ 256 ಜನ ಒಟ್ಟಿಗೆ ಬಂದುಬಿಟ್ಟರೆ, ಉಳಿದ 63 ಕಪಾಟು ಖಾಲಿ ಇದ್ದರೂ ಆ ಒಂದೇ ಕಪಾಟಿನ ಎಂಟು ಜಾಗಕ್ಕೆ ಎಲ್ಲರೂ ಮುಗಿಬೀಳಬೇಕು. ನಮ್ಮ ಕೋಷ್ಟಕದಲ್ಲಿ ಆಗಿರುವುದು ಇದೇ.

ವಿಳಾಸವನ್ನು ಬಿಟ್‌ಗಳಲ್ಲಿ ಬಿಡಿಸಿದರೆ ಸ್ಪಷ್ಟವಾಗುತ್ತದೆ. ಕೊನೆಯ 6 ಬಿಟ್ ಹೇಳುವುದು 64 ಬೈಟ್‌ನ ಲೈನ್‌ನೊಳಗೆ ಎಷ್ಟನೇ ಬೈಟ್ ಎಂದು. ಅದರ ಹಿಂದಿನ 6 ಬಿಟ್, 64 ಸೆಟ್‌ಗಳಲ್ಲಿ ಯಾವುದು ಎಂದು. ಉಳಿದ ಮೇಲಿನ ಬಿಟ್‌ಗಳಿಗೆ ಟ್ಯಾಗ್ ಎನ್ನುತ್ತಾರೆ. ಸೆಟ್‌ನಲ್ಲಿ ಕೂತಿರುವ ಎಂಟು ಲೈನ್‌ಗಳಲ್ಲಿ ನಮ್ಮದು ಯಾವುದು ಎಂದು ಗುರುತು ಹಿಡಿಯಲು ಅದು ಬೇಕು. 6 ಮತ್ತು 6, ಹನ್ನೆರಡು ಬಿಟ್. ಎರಡರ ಹನ್ನೆರಡನೇ ಘಾತ 4096. ಅಂದರೆ ಯಾವುದೇ ವಿಳಾಸಕ್ಕೆ 4096 ಕೂಡಿದರೆ ಟ್ಯಾಗ್ ಬದಲಾಗುತ್ತದೆಯೇ ಹೊರತು ಸೆಟ್ ಬದಲಾಗುವುದಿಲ್ಲ. ನಮ್ಮ ಒಂದು ಸಾಲಿನ ಉದ್ದ ಸರಿಯಾಗಿ 4096 ಬೈಟ್. ಒಂದು ಕಾಲಂನ 256 ಅಳತೆಗಳೂ ಒಂದೇ ಸೆಟ್‌ಗೆ ಸೇರಿದವು.

ಎಂಟು ಲೈನ್ ಬಂದು ಕೂತವು. ಒಂಬತ್ತನೆಯದು ಬಂದಾಗ ಎಲ್ಲಕ್ಕಿಂತ ಹಿಂದೆ ಬಳಸಿದ್ದನ್ನು, ಅಂದರೆ ಮೊದಲನೆಯದನ್ನು ಹೊರಗೆ ಹಾಕುತ್ತಾರೆ. ಹತ್ತನೆಯದು ಎರಡನೆಯದನ್ನು ತಳ್ಳುತ್ತದೆ. 256ನೆಯದು ಮುಗಿದು `t` ಒಂದಕ್ಕೆ ಬಂದು ಮತ್ತೆ ಮೊದಲ ಸಾಲಿನ ಲೈನ್ ಕೇಳಿದಾಗ ಅದು ಹೋಗಿ ಎಷ್ಟೋ ಹೊತ್ತಾಗಿದೆ. ಬರುವ ಪ್ರತಿ ಲೈನ್‌ನಿಂದಲೂ 64 ಬೈಟ್‌ನಲ್ಲಿ 4 ಬೈಟ್ ಮಾತ್ರ ಬಳಸಿ, ಉಳಿದ 60ನ್ನು ಮುಟ್ಟುವ ಮೊದಲೇ ಎಸೆಯುತ್ತಿದ್ದೇವೆ. ನಿಜವಾದ ಪ್ರೊಸೆಸರ್‌ಗಳು ಯಾವುದನ್ನು ಹೊರಹಾಕಬೇಕು ಎಂಬುದನ್ನು ಸ್ವಲ್ಪ ಅಂದಾಜಿನಲ್ಲಿ ಆರಿಸುವುದರಿಂದ ಅಲ್ಲೊಂದು ಇಲ್ಲೊಂದು ಲೈನ್ ಉಳಿದುಕೊಂಡಿರಬಹುದು, ಆದರೆ ಚಿತ್ರ ಬದಲಾಗುವುದಿಲ್ಲ.

ನಿಮ್ಮಲ್ಲಿ ಹಲವರು 1024, 2048, 4096 ಎಂದರೆ ಕಂಪ್ಯೂಟರ್‌ಗೆ ಹಿತವಾದ ಸಂಖ್ಯೆಗಳು ಎಂದು ನಂಬಿರುತ್ತೀರಿ. ಅರೇಯ ಅಗಲ 1000 ಸಾಕಾಗಿದ್ದರೂ 1024ಕ್ಕೆ ಏರಿಸುವ ಅಭ್ಯಾಸ ತುಂಬ ಜನರಿಗಿದೆ. ಕಾಲಂ ಉದ್ದಕ್ಕೂ ಓದುವ ಕೆಲಸವಿದ್ದರೆ ಅದು ಆರಿಸಿಕೊಳ್ಳಬಹುದಾದ ಅತಿ ಕೆಟ್ಟ ಸಂಖ್ಯೆಗಳಲ್ಲಿ ಒಂದು. 1000 ಇದ್ದಿದ್ದರೆ ಸಾಲಿನ ಉದ್ದ 4000 ಬೈಟ್, ಅಂದರೆ ಅರವತ್ತೆರಡೂವರೆ ಲೈನ್. ಸಾಲಿನಿಂದ ಸಾಲಿಗೆ ಸೆಟ್ ಜರುಗುತ್ತಾ ಎಲ್ಲ ಕಡೆ ಹರಡಿಕೊಳ್ಳುತ್ತಿತ್ತು. ಗಾತ್ರ 1000, 1010, 1024, 1030 ಎಂದು ಬದಲಿಸಿ ಸಮಯ ಅಳೆದಾಗ 1024ರಲ್ಲಿ ಮಾತ್ರ ಎತ್ತರದ ಮುಳ್ಳು ಎದ್ದರೆ, ಕಾಯಿಲೆ ಇದೇ ಎಂದು ತಿಳಿಯಿರಿ.

ಎಲ್1 ಯಾಕೆ ಬೆಳೆಯಲಿಲ್ಲ ಎಂದು ಆಗ ಹೇಳಿದ್ದೆನಲ್ಲ, ಅದಕ್ಕೂ ಈ 4096ಕ್ಕೂ ಸಂಬಂಧವಿದೆ. ನಿಮ್ಮ ಪ್ರೋಗ್ರಾಂ ನೋಡುವ ವಿಳಾಸ ನಿಜವಾದ ರ‍್ಯಾಮ್ ವಿಳಾಸವಲ್ಲ. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನು 4096 ಬೈಟ್‌ನ ಪುಟಗಳಾಗಿ ಹಂಚಿ, ಯಾವ ಪುಟ ಎಲ್ಲಿದೆ ಎಂಬ ಪಟ್ಟಿ ಇಟ್ಟಿರುತ್ತದೆ. ಪ್ರತಿ ಓದಿಗೂ ಆ ಪಟ್ಟಿ ನೋಡಿ ವಿಳಾಸ ಬದಲಿಸಬೇಕು. ಪುಟದ ಒಳಗಿನ ಜಾಗ ಹೇಳುವ ಕೊನೆಯ 12 ಬಿಟ್ ಮಾತ್ರ ಬದಲಾಗುವುದಿಲ್ಲ. ಸೆಟ್ ಯಾವುದು ಎಂದು ಹೇಳುವ ಬಿಟ್‌ಗಳು ಈ ಹನ್ನೆರಡರ ಒಳಗೇ ಇದ್ದರೆ, ಇತ್ತ ವಿಳಾಸದ ಬದಲಾವಣೆ ನಡೆಯುತ್ತಿರುವಾಗಲೇ ಅತ್ತ ಸೆಟ್ ತೆರೆದು ಎಂಟು ಟ್ಯಾಗ್ ಸಿದ್ಧ ಮಾಡಿಕೊಳ್ಳಬಹುದು. ಸಮಯ ಉಳಿಯುತ್ತದೆ. ಆದರೆ 64 ಸೆಟ್‌ಗಿಂತ ಹೆಚ್ಚು ಮಾಡಿದರೆ ಆ ಸೌಲಭ್ಯ ಹೋಯಿತು. ಹಾಗಾಗಿ ಎಲ್1 ಬೆಳೆಸಬೇಕೆಂದರೆ ಸೆಟ್ ಒಳಗಿನ ಜಾಗ ಹೆಚ್ಚಿಸಬೇಕು. ಇಂಟೆಲ್ 32ರಿಂದ 48 ಕಿಲೋಬೈಟ್‌ಗೆ ಹೋಗಿದ್ದು 8 ಜಾಗವನ್ನು 12 ಮಾಡಿ, ಸೆಟ್ 64 ಹಾಗೇ ಉಳಿಯಿತು. ಆಪಲ್‌ನ ಎಂ1 ಯಂತ್ರಗಳಲ್ಲಿ ಪುಟವೇ 16 ಕಿಲೋಬೈಟ್. ಅಲ್ಲಿ ವೇಗದ ಕೋರ್‌ಗಳ ಎಲ್1 ಡೇಟಾ ಕ್ಯಾಶ್ 128 ಕಿಲೋಬೈಟ್‌ವರೆಗೆ ಬೆಳೆಯಲು ಸಾಧ್ಯವಾಗಿರುವುದಕ್ಕೆ ಈ ದೊಡ್ಡ ಪುಟವೂ ಒಂದು ಅನುಕೂಲ.

ಈಗ ಪರಿಹಾರ. ಮೊದಲನೆಯದು ಸಾಲಿನ ಕೊನೆಗೆ ಸ್ವಲ್ಪ ಖಾಲಿ ಜಾಗ ಬಿಡುವುದು:

```c
static _Alignas(64) int matta[256][1024 + 16];
```

ಹೆಚ್ಚುವರಿ 16 ಅಂಕೆಗಳನ್ನು ಯಾರೂ ಓದುವುದಿಲ್ಲ, ಬರೆಯುವುದಿಲ್ಲ. ಆದರೆ ಸಾಲಿನ ಉದ್ದ 4160 ಬೈಟ್ ಆಯಿತು, ಅಂದರೆ 65 ಲೈನ್. ಒಂದು ಸಾಲು ಮುಂದೆ ಹೋದಂತೆಲ್ಲ ಸೆಟ್ ಕೂಡ ಒಂದು ಮುಂದೆ ಹೋಗುತ್ತದೆ. 256 ಲೈನ್ 64 ಸೆಟ್‌ಗಳಿಗೆ ಹಂಚಿ, ಒಂದೊಂದಕ್ಕೆ ನಾಲ್ಕು. ಎಂಟು ಜಾಗದಲ್ಲಿ ನಾಲ್ಕು ಲೈನ್ ಆರಾಮವಾಗಿ ಕೂರುತ್ತವೆ. ಮಿಸ್ 2,62,144ರಿಂದ 16,384ಕ್ಕೆ ಇಳಿಯುತ್ತದೆ. ಇದಕ್ಕೆ ತೆತ್ತ ಬೆಲೆ 16 ಕಿಲೋಬೈಟ್ ಹೆಚ್ಚು ಮೆಮೊರಿ. 16ರ ಬದಲು 32 ಹಾಕಿದರೆ ಏನಾಗುತ್ತದೆ ಎಂದು ನೋಡಿ. ಒಂದು ಸಾಲಿಗೆ ಎರಡು ಸೆಟ್ ಜರುಗುವುದರಿಂದ 32 ಸೆಟ್ ಮಾತ್ರ ಬಳಕೆಯಾಗುತ್ತವೆ, ಒಂದೊಂದರಲ್ಲಿ ಸರಿಯಾಗಿ ಎಂಟು. ಅಂಚಿನವರೆಗೂ ತುಂಬಿತು. ಪ್ರೋಗ್ರಾಂ ಬೇರೇನಾದರೂ ಒಂದು ಲೈನ್ ಅದೇ ಸೆಟ್‌ಗಳಲ್ಲಿ ತಂದರೆ ಮತ್ತೆ ತಳ್ಳಾಟ ಶುರು. ಹಾಗಾಗಿ ಸಾಲಿನ ಉದ್ದ ಬೆಸ ಸಂಖ್ಯೆಯ ಲೈನ್ ಆಗುವಂತೆ ನೋಡಿಕೊಳ್ಳಿ.

ಎರಡನೆಯದು ಇದಕ್ಕಿಂತ ಒಳ್ಳೆಯದು. ಪ್ರತಿ ಹೊತ್ತಿನ ಮೊತ್ತ ಬೇಕು ಎಂದ ಮಾತ್ರಕ್ಕೆ ಕಾಲಂ ಉದ್ದಕ್ಕೇ ಓದಬೇಕೆಂದಿಲ್ಲ. 1024 ಮೊತ್ತಗಳಿಗೆ ಒಂದು ಚಿಕ್ಕ ಅರೇ ಮಾಡಿಕೊಂಡು ಸಾಲು ಸಾಲಾಗಿಯೇ ಹೋಗಬಹುದು:

```c
static int motta[1024];

for (int k = 0; k < 256; k++)
    for (int t = 0; t < 1024; t++)
        motta[t] += matta[k][t];
```

`motta` ಇರುವುದು 4 ಕಿಲೋಬೈಟ್. ಎಲ್ಲ ಸೆಟ್‌ನಲ್ಲೂ ಒಂದೊಂದು ಜಾಗ ಹಿಡಿದು, ಪ್ರತಿ ಸಾಲಿಗೂ ಬಳಕೆಯಾಗುತ್ತಾ ಇರುವುದರಿಂದ ಹೊರಗೆ ಹೋಗುವುದಿಲ್ಲ. ಮುಂದಿನ ಲೈನ್ ಮೊದಲೇ ತರಿಸುವ ಅನುಕೂಲವೂ ಪೂರ್ತಿ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಮೇಲೆ ಹೇಳಿದ ಪುಟಗಳ ಪಟ್ಟಿಗೂ ಪ್ರೊಸೆಸರ್‌ನಲ್ಲಿ ಒಂದು ಪುಟ್ಟ ಕ್ಯಾಶ್ ಇದೆ, ಅದರ ಮೊದಲ ಹಂತದಲ್ಲಿ ಸಾಮಾನ್ಯವಾಗಿ 64 ಪುಟಗಳ ಆಸುಪಾಸಿನ ನೆನಪು ಮಾತ್ರ. ಕಾಲಂ ಉದ್ದಕ್ಕೂ ಹೋದರೆ ಪ್ರತಿ ಹೆಜ್ಜೆಗೂ ಹೊಸ ಪುಟ, ಒಟ್ಟು 256. ಖಾಲಿ ಜಾಗ ಬಿಟ್ಟರೂ ಈ ತೊಂದರೆ ಹೋಗುವುದಿಲ್ಲ. ಸಾಲಿನ ಉದ್ದಕ್ಕೂ ಹೋದರೆ 1024 ಅಳತೆಗೆ ಒಂದೇ ಪುಟ.

ಲೂಪ್ ತಿರುಗಿಸಲು ಆಗದ ಸಂದರ್ಭಗಳೂ ಇವೆ. ಕೋಷ್ಟಕದ ಸಾಲನ್ನು ಕಾಲಂ ಮಾಡಿ, ಕಾಲಂ ಅನ್ನು ಸಾಲು ಮಾಡಿ ಬರೆಯಬೇಕಾದಾಗ ಒಂದು ಕಡೆ ಸಾಲಾಗಿ ಓದಿದರೆ ಇನ್ನೊಂದು ಕಡೆ ಕಾಲಂ ಆಗಿ ಬರೆಯಲೇಬೇಕು. 1024 ಅಥವಾ 2048 ಅಗಲದ ಚಿತ್ರವನ್ನು ಮೇಲಿಂದ ಕೆಳಗೆ ಸಂಸ್ಕರಿಸುವಾಗಲೂ ಹೀಗೇ. ಅಲ್ಲಿ ಖಾಲಿ ಜಾಗ ಬಿಡುವುದೇ ಕೈಗೆ ಸಿಗುವ ಉಪಾಯ, ಅಥವಾ ಎಲ್ಲವನ್ನೂ ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿಕೊಂಡು ಒಂದೊಂದು ಚೌಕ ಮುಗಿಸುತ್ತಾ ಹೋಗಬೇಕು.

ಸಭೆಯಿಂದ ಒಬ್ಬರು ಕೇಳಿದರು: ಮಿಸ್ ಹದಿನಾರು ಪಟ್ಟು ಇದ್ದರೆ ಸಮಯವೂ ಹದಿನಾರು ಪಟ್ಟು ಆಗಬೇಕಲ್ಲವೇ? ಆಗಬೇಕಿಲ್ಲ. ನಮ್ಮ ಲೂಪಿನಲ್ಲಿ ಒಂದು ಓದು ಇನ್ನೊಂದು ಓದಿನ ಉತ್ತರಕ್ಕೆ ಕಾಯುವುದಿಲ್ಲ. ಮುಂದಿನ ವಿಳಾಸ ಮೊದಲೇ ಗೊತ್ತು. ಹಾಗಾಗಿ ಪ್ರೊಸೆಸರ್ ಹತ್ತೋ ಹನ್ನೆರಡೋ ಮಿಸ್‌ಗಳನ್ನು ಒಟ್ಟೊಟ್ಟಿಗೆ ಕಳಿಸಿ ಕಾಯುತ್ತದೆ. ಎಲ್1ನಲ್ಲಿ ಸಿಗದಿದ್ದರೆ ನೇರವಾಗಿ ರ‍್ಯಾಮ್‌ಗೆ ಹೋಗುವುದೂ ಇಲ್ಲ, ನಡುವೆ ಎಲ್2, ಎಲ್3 ಇವೆ. ನಮ್ಮ 1 ಮೆಗಾಬೈಟ್ ಅಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಲಿಂಕ್ಡ್ ಲಿಸ್ಟ್ ಆಗಿದ್ದರೆ ಕಥೆ ಬೇರೆ: ಮುಂದಿನ ನೋಡ್‌ನ ವಿಳಾಸ ಈ ನೋಡ್‌ನ ಒಳಗಿರುವುದರಿಂದ ಒಂದು ಮಿಸ್ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ, ಪ್ರತಿ ಮಿಸ್‌ನ ಪೂರ್ತಿ ಕಾಯುವಿಕೆ ನಿಮ್ಮ ಪಾಲಿಗೆ ಬರುತ್ತದೆ.

ಇನ್ನು ಮನೆಗೆ ಹೋಗಿ ನೀವೇ ಅಳೆಯುವುದು ಹೇಗೆ ಎಂಬುದು. ಲಿನಕ್ಸ್‌ನಲ್ಲಿ ಮೊದಲು ನಿಮ್ಮ ಯಂತ್ರದ ಗಾತ್ರಗಳನ್ನು ನೋಡಿಕೊಳ್ಳಿ:

```
lscpu -C
getconf LEVEL1_DCACHE_LINESIZE
```

ಬರೀ `lscpu` ಕೊಟ್ಟರೆ ಎಲ್1 128 ಕಿಲೋಬೈಟ್ ಎಂದು ಕಾಣಬಹುದು. ಅದು ನಾಲ್ಕು ಕೋರ್‌ಗಳದ್ದನ್ನು ಸೇರಿಸಿ ಹೇಳಿದ ಲೆಕ್ಕ, ಒಂದು ಕೋರ್‌ಗೆ ಸಿಗುವುದು 32. `-C` ಹಾಕಿದಾಗ `ONE-SIZE` ಎಂಬ ಕಾಲಂನಲ್ಲಿ ಒಂದರ ಗಾತ್ರ ಬರುತ್ತದೆ, ಜೊತೆಗೆ ಸೆಟ್ ಮತ್ತು ಜಾಗಗಳ ಸಂಖ್ಯೆಯೂ ಬರುತ್ತದೆ.

ಮಿಸ್ ಎಣಿಸಲು ಎರಡು ದಾರಿ. ಒಂದು, ಪ್ರೊಸೆಸರ್‌ನ ಒಳಗಿನ ಎಣಿಕೆಯನ್ನೇ ಓದುವ `perf`. ವರ್ಚುವಲ್ ಯಂತ್ರದಲ್ಲಿ ಕೂತಿದ್ದರೆ ಅದು ಹಲವು ಬಾರಿ `<not supported>` ಎಂದುಬಿಡುತ್ತದೆ. ಆಗ ಎರಡನೆಯದು, ಕ್ಯಾಶನ್ನು ಅನುಕರಿಸಿ ತೋರಿಸುವ ವ್ಯಾಲ್‌ಗ್ರೈಂಡ್:

```
gcc -O1 -o mapana mapana.c
perf stat -e L1-dcache-load-misses ./mapana
valgrind --tool=cachegrind --cache-sim=yes --D1=32768,8,64 ./mapana
```

`--D1` ಮುಂದಿರುವ ಮೂರು ಸಂಖ್ಯೆ ಕ್ರಮವಾಗಿ ಒಟ್ಟು ಗಾತ್ರ, ಸೆಟ್ ಒಳಗಿನ ಜಾಗ, ಲೈನ್ ಉದ್ದ. ವ್ಯಾಲ್‌ಗ್ರೈಂಡ್‌ನ ಉತ್ತರದಲ್ಲಿ `D1 misses` ಎಂಬ ಸಾಲು ನೋಡಿ. ಅದರ `rd` ಭಾಗದಲ್ಲಿ ನಮ್ಮ 2,62,144 ಮತ್ತು ಪ್ರೋಗ್ರಾಂ ಶುರುವಾಗುವಾಗಿನ ಕೆಲವು ಸಾವಿರ ಸೇರಿ ಕಾಣುತ್ತದೆ. `+ 16` ಹಾಕಿ ಮತ್ತೆ ಓಡಿಸಿದರೆ ಅದು 16 ಸಾವಿರದ ಸುತ್ತಮುತ್ತಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. `perf` ಬಳಸುವುದಾದರೆ ಲೂಪನ್ನು ಸಾವಿರ ಸಲ ಸುತ್ತಿಸಿ. ಒಂದು ಸುತ್ತು ಎಷ್ಟು ಬೇಗ ಮುಗಿಯುತ್ತದೆ ಎಂದರೆ, ಪ್ರೋಗ್ರಾಂ ಶುರುವಾಗುವ ಗದ್ದಲದಲ್ಲೇ ಅದರ ಎಣಿಕೆ ಮುಚ್ಚಿಹೋಗುತ್ತದೆ.

ಅಳತೆ ತಪ್ಪುವುದು ಬಹುತೇಕ ಮೂರು ಕಾರಣಕ್ಕೆ. `ottu` ಲೆಕ್ಕ ಹಾಕಿ ಕೊನೆಗೆ ಅಚ್ಚು ಹಾಕಿಸದಿದ್ದರೆ, ಯಾರಿಗೂ ಬೇಡದ ಲೆಕ್ಕ ಎಂದು ಕಂಪೈಲರ್ ಇಡೀ ಲೂಪನ್ನೇ ತೆಗೆದುಹಾಕುತ್ತದೆ. `-O3` ಕೊಟ್ಟರೆ ಜಿಸಿಸಿಗೆ ಲೂಪ್‌ಗಳನ್ನು ತಾನೇ ಅದಲುಬದಲು ಮಾಡುವ ಅಧಿಕಾರವಿದೆ. ನೀವು ಕಾಲಂ ಓದುತ್ತಿದ್ದೇನೆ ಎಂದುಕೊಂಡು ಸಾಲನ್ನು ಅಳೆಯುತ್ತಿರಬಹುದು. ಅದಕ್ಕೇ ಮೇಲೆ `-O1` ಬರೆದದ್ದು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಅರೇಗೆ ಏನನ್ನೂ ಬರೆಯದೆ ನೇರವಾಗಿ ಓದಲು ಶುರು ಮಾಡಿದರೆ, ಲಿನಕ್ಸ್ ಅದಕ್ಕೆ ಇನ್ನೂ ನಿಜವಾದ ಮೆಮೊರಿ ಕೊಟ್ಟಿರುವುದೇ ಇಲ್ಲ. ಸೊನ್ನೆ ತುಂಬಿದ ಒಂದೇ ಒಂದು ಪುಟವನ್ನು ಎಲ್ಲ 256 ಪುಟಗಳ ಹೆಸರಿಗೂ ತೋರಿಸುತ್ತದೆ. ನಮ್ಮ ಒಂದು ಸಾಲು ಸರಿಯಾಗಿ ಒಂದು ಪುಟ. ಹಾಗಾಗಿ ಕಾಲಂನ 256 ಅಳತೆಗಳೂ ಅದೇ ಒಂದು ಲೈನ್‌ನಿಂದ ಬರುತ್ತವೆ, `perf` ಹೆಚ್ಚೂಕಡಿಮೆ ಮಿಸ್ಸೇ ಇಲ್ಲ ಎನ್ನುತ್ತದೆ. ವ್ಯಾಲ್‌ಗ್ರೈಂಡ್ ನೋಡುವುದು ಪ್ರೋಗ್ರಾಂನ ವಿಳಾಸಗಳನ್ನು ಮಾತ್ರ, ಅದಕ್ಕೆ ಪುಟಗಳ ಈ ಹಂಚಿಕೆ ಗೊತ್ತಿಲ್ಲ, ಅದು ಆಗಲೂ 2,62,144 ಎಂದೇ ಹೇಳುತ್ತದೆ. ಎರಡೂ ಹೀಗೆ ಪೂರ್ವ ಪಶ್ಚಿಮವಾದರೆ, ಅಳೆಯುವ ಲೂಪಿಗೆ ಮೊದಲು ಅರೇಯ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಬರೆದಿದ್ದೀರಾ ಎಂದು ನೋಡಿಕೊಳ್ಳಿ.